ಹೊಳವು

60 ಸೆಕೆಂಡಿನ ಹಾಸ್ಯ ವಿಡಿಯೋ. ಶೂಟಿಂಗ್ ಸ್ಕ್ರಿಪ್ಟ್, ಎರಡನೇ ಕರಡು.

ಜಾಗ: ಮಾದಾಪುರದ ಹತ್ತಿರ ಒಂದು ತೋಟದ ಮನೆ. ಜಗುಲಿ, ಅಂಗಳ, ಅಡುಗೆಮನೆಯ ಸೌದೆ ಒಲೆ.
ಕಾಲ: ಜುಲೈ, ಪುನರ್ವಸು ಮಳೆ.
ಪಾತ್ರಗಳು: ಅಜ್ಜಿ, ಮಾವ, ಅತ್ತೆ, ಮಗಳು, ಅವಳ ತಮ್ಮ ಪುಟ್ಟ (ಹತ್ತು ವರ್ಷ), ಅಳಿಯ (ಬೆಂಗಳೂರಿನವನು, ಮದುವೆಯಾದ ಮೇಲೆ ಅವನಿಗೆ ಇದು ಮೊದಲ ಮಳೆಗಾಲ).
ಫ್ರೇಮು: ಉದ್ದುದ್ದ, 9:16.

ಎಲ್ಲರೂ ಮೊದಲು ಇದನ್ನು ಓದಿಕೊಳ್ಳಿ. ಎರಡು ಮಳೆಯ ನಡುವೆ ಸ್ವಲ್ಪ ಹೊತ್ತು ಬಿಸಿಲು ಬರುತ್ತದಲ್ಲ, ಆ ಹೊಳವೇ ನಮ್ಮ ಕಥೆ. ನಮ್ಮ ಕಡೆ ಜುಲೈ ತಿಂಗಳಲ್ಲಿ ಆ ಹತ್ತು ನಿಮಿಷ ಸಿಕ್ಕಿದರೆ ಮನೆಯವರೆಲ್ಲ ಹೇಗೆ ಓಡುತ್ತಾರೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅದನ್ನು ಹಾಗೇ ತೋರಿಸಿದರೆ ಸಾಕು. ಯಾರೂ ನಗಿಸೋಕೆ ಹೋಗಬೇಡಿ. ಅಜ್ಜಿಗೆ ಬಟ್ಟೆ ಒಣಗಬೇಕು, ಅಷ್ಟೇ. ಅವರ ಮುಖದಲ್ಲಿ ಆ ಒಂದು ಚಿಂತೆ ಬಿಟ್ಟು ಬೇರೇನೂ ಇರಬಾರದು.

ಬಿಸಿಲಿನ ಶಾಟುಗಳನ್ನೆಲ್ಲ ಮೊದಲು ಮುಗಿಸೋಣ. ಒಳಗಿನವು ಮಳೆ ಬರುವಾಗ ಯಾವತ್ತು ಬೇಕಾದರೂ ಆಗುತ್ತವೆ. ಬೆಳಿಗ್ಗೆ ಏಳಕ್ಕೆಲ್ಲ ಬಟ್ಟೆ ಹಾಕಿಕೊಂಡು ಜಗುಲಿಯಲ್ಲಿ ಕೂತಿರಬೇಕು. ಹೊಳವು ಬಂದ ಮೇಲೆ ಮೇಕಪ್ಪು ಶುರು ಮಾಡಿದರೆ ಆ ದಿನ ಹೋಯಿತು.

0:00 – 0:06 / ಒಳಗೆ, ನಡುಮನೆ

ಹೊರಗೆ ಜಡಿಮಳೆಯ ಸದ್ದು. ಮೊದಲ ಫ್ರೇಮಿನಲ್ಲೇ ಅಳಿಯ, ಎದೆಮಟ್ಟದ ಶಾಟ್. ಮಾವನ ದೊಡ್ಡ ಉಲ್ಲನ್ ಕೋಟು, ಅಜ್ಜಿಯ ಶಾಲು, ಕೆಳಗೆ ಪಂಚೆ. ಅವನ ತಲೆಯ ಮೇಲೆ ಹಗ್ಗಗಳಲ್ಲಿ ಅವನದೇ ಪ್ಯಾಂಟು, ಅವನದೇ ಶರ್ಟು. ಪ್ಯಾಂಟಿನ ತುದಿಯಿಂದ ಒಂದು ಹನಿ ಅವನ ಮೂಗಿನ ಮೇಲೆ ಬೀಳುತ್ತದೆ.

ಅಳಿಯ: ಅಜ್ಜಿ, ಇದು ಯಾವತ್ತು ಒಗೆದಿದ್ದು?

ಅಜ್ಜಿ (ಒಂದು ಟವೆಲ್ ಮೂಸಿ ನೋಡುತ್ತಾ): ಹೋದ ಮಂಗಳವಾರ.

ಅಳಿಯ: ಇವತ್ತು ಗುರುವಾರ!

ಅಜ್ಜಿ: ಹ್ಞೂಂ. ಇನ್ನೂ ಒಂಬತ್ತೇ ದಿನ.

ಕ್ಲೋಸಪ್: ಗೋಡೆಗೆ ನೇತುಹಾಕಿದ ಅಳಿಯನ ಚರ್ಮದ ಬೆಲ್ಟು. ಬಕಲ್ಲಿನ ಸುತ್ತ ಬೆಳ್ಳಗೆ ಬೂಸ್ಟು. ಅದನ್ನು ಬಣ್ಣ ಹಚ್ಚಿ ಮಾಡಬೇಡಿ. ನಮ್ಮನೆ ಬೀರುವಿನಲ್ಲಿ ಅಂಥ ಬೆಲ್ಟು ಮೂರಿವೆ, ನಾನೇ ತರುತ್ತೇನೆ.

0:06 – 0:11 / ಒಳಗೆ

ಮಳೆಯ ಸದ್ದು ತಟ್ಟನೆ ನಿಲ್ಲುತ್ತದೆ. ಎರಡು ಸೆಕೆಂಡು ಪೂರ್ತಿ ಮೌನ. ಈ ಎರಡು ಸೆಕೆಂಡನ್ನು ಎಡಿಟಿಂಗಿನಲ್ಲಿ ಯಾರೂ ಕತ್ತರಿಸಬೇಡಿ. ಮುಂದಿನ ಓಟಕ್ಕೆ ಬಲ ಬರುವುದು ಇಲ್ಲಿಂದಲೇ.

ಕಿಟಕಿಯಿಂದ ಒಂದು ಪಟ್ಟೆ ಬಿಸಿಲು ನೆಲಕ್ಕೆ ಬೀಳುತ್ತದೆ. ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆ, ಪೇಪರ್ ಓದುತ್ತಿದ್ದ ಮಾವ, ಹೋಂವರ್ಕ್ ಮಾಡುತ್ತಿದ್ದ ಪುಟ್ಟ, ಮೂವರ ತಲೆಯೂ ಒಟ್ಟಿಗೆ ಆ ಕಡೆ ತಿರುಗುತ್ತದೆ. ಅಜ್ಜಿಯ ಮುಖ, ಹತ್ತಿರದಿಂದ.

ಅಜ್ಜಿ (ಊರಿಗೆಲ್ಲ ಕೇಳುವ ಹಾಗೆ): ಏ, ಹೊಳವಾಯ್ತು ಕಣ್ರೋ!

ಪರದೆ ತುಂಬ ದಪ್ಪ ಅಕ್ಷರದಲ್ಲಿ: ಹೊಳವು! ಜಾಸ್ತಿ ಜನ ಸೌಂಡ್ ಆಫ್ ಮಾಡಿಕೊಂಡೇ ನೋಡುತ್ತಾರೆ. ಅವರಿಗೂ ಆ ಕೂಗು ಕೇಳಿಸಿದ ಹಾಗಾಗಬೇಕು.

0:11 – 0:25 / ಹೊರಗೆ, ಅಂಗಳ

ಕ್ಯಾಮೆರಾ ಮೆಟ್ಟಿಲ ಮೇಲೆ, ಅಲುಗಾಡದ ಹಾಗೆ. ಜನ ಮಾತ್ರ ಫ್ರೇಮಿಗೆ ಬಂದು ಹೋಗುತ್ತಿರಬೇಕು. ಒಂದೊಂದು ತುಣುಕು ಒಂದೂವರೆ ಸೆಕೆಂಡು, ಅದಕ್ಕಿಂತ ಜಾಸ್ತಿ ಬೇಡ.

ಅತ್ತೆ ಒಂದು ತೆಕ್ಕೆ ಸೀರೆ ತಂದು ಹಗ್ಗಕ್ಕೆ ಹಾಕುತ್ತಾರೆ. ಹಗ್ಗ ತುಂಬಿತು. ಗೇಟಿನ ಮೇಲೆ ಬೆಡ್‌ಶೀಟು. ಬೈಕಿನ ಹ್ಯಾಂಡಲ್ಲಿಗೆ ಎರಡು ಬನಿಯನ್ನು. ದಾಸವಾಳದ ಬೇಲಿಗೆ ಪುಟ್ಟನ ಯೂನಿಫಾರ್ಮು. ಡಿಶ್ ಆಂಟೆನಾ ಮೇಲೆ ಮಂಕಿ ಕ್ಯಾಪು. ಮಾವ ತಲೆದಿಂಬು ತಂದರು, ಚಪ್ಪಲಿ ತಂದರು, ಕೊನೆಗೆ ಛತ್ರಿಯನ್ನೂ ಬಿಚ್ಚಿ ಒಣಗಲು ಇಟ್ಟರು. ಮಗಳು ಪ್ಲಾಸ್ಟಿಕ್ ಫೈಲಿನಿಂದ ತನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ತೆಗೆದು, ಎರಡು ಕ್ಲಿಪ್ಪು ಹಾಕಿ, ಸೀರೆಗಳ ನಡುವೆ ನೇತುಹಾಕುತ್ತಾಳೆ. ಈ ತುಣುಕಿಗೆ ಮಾತ್ರ ಅರ್ಧ ಸೆಕೆಂಡು ಜಾಸ್ತಿ ಕೊಡೋಣ. ಮಾರ್ಕ್ಸ್ ಕಾರ್ಡಿಗೆ ಬೂಸ್ಟು ಬಂದಿದ್ದನ್ನು ನೋಡಿದವರು ಇಲ್ಲಿ ನಕ್ಕೇ ನಗುತ್ತಾರೆ.

ಅತ್ತೆ (ತೆಕ್ಕೆಯಲ್ಲಿ ಇನ್ನೂ ಬಟ್ಟೆ, ಸುತ್ತ ನೋಡುತ್ತಾ): ಜಾಗಾನೇ ಇಲ್ವಲ್ಲೇ!

0:25 – 0:38 / ಅಂಗಳದ ನಡುವೆ

ಅಳಿಯ ನಿಧಾನ ನಡೆದು ಬರುತ್ತಾನೆ. ಬಿಸಿಲಿಗೆ ಮುಖ ಕೊಟ್ಟು, ಕಣ್ಣು ಮುಚ್ಚಿ, ಎರಡೂ ಕೈ ಅಗಲ ಮಾಡಿ ನಿಲ್ಲುತ್ತಾನೆ.

ಅಳಿಯ: ಆಹಾ... ಬಿಸಿಲು!

ಪುಟ್ಟ ಅವನನ್ನು ನೋಡುತ್ತಾನೆ. ಕೈಯಲ್ಲಿದ್ದ ಒದ್ದೆ ಕಾಲುಚೀಲ ನೋಡುತ್ತಾನೆ. ಮತ್ತೆ ಅವನನ್ನು ನೋಡುತ್ತಾನೆ. ಕ್ಲೋಸಪ್: ಅಳಿಯನ ಹೆಬ್ಬೆರಳು, ಅದರ ಮೇಲೆ ಕಾಲುಚೀಲ.

(ಹೆಬ್ಬೆರಳಿನ ಈ ಕ್ಲೋಸಪ್ ಕೊನೆಯಲ್ಲೂ ಬರುತ್ತದೆ. ಅದೇ ಕೈ, ಅದೇ ಕೆಂಪು ಕಾಲುಚೀಲ, ಅದೇ ಅಳತೆ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.)

ಅತ್ತೆ (ಗಾಬರಿಯಿಂದ): ಲೋ, ಅಳಿಯಂದಿರು ಕಣೋ ಅವರು!

ಅಜ್ಜಿ (ಬಂದು, ಅಳಿಯನ ತೋಳನ್ನು ಅಮುಕಿ ನೋಡಿ): ಗಟ್ಟಿ ಇದಾರೆ. ಹಾಕು.

ಅಷ್ಟಾದ ಮೇಲೆ ತಡೆಯುವವರಿಲ್ಲ. ಒಂದು ಕೈಗೆ ಟವೆಲು, ಇನ್ನೊಂದಕ್ಕೆ ಲುಂಗಿ, ಹೆಗಲಿಗೆ ನೈಟಿ, ಕಿವಿಗೆ ಒಂದು ಕ್ಲಿಪ್ಪು. ಅತ್ತೆ ಮಾತ್ರ ಪ್ರತಿ ಸಲ “ತಪ್ಪು ತಿಳ್ಕೋಬೇಡಿ” ಅಂತ ಕೈ ಮುಗಿದೇ ಹಾಕುತ್ತಾರೆ. ಅಜ್ಜಿ ಒದ್ದೆ ಕಂಬಳಿ ತರುತ್ತಾರೆ. ಕಂಬಳಿಯ ಭಾರಕ್ಕೆ ಅಳಿಯನ ಕೈ ಕೆಳಗಿಳಿಯುತ್ತದೆ. ಮಾವ ಒಂದು ಮಾತೂ ಆಡದೆ ಹೋಗಿ, ಬಾಳೆಗೊನೆಗೆ ಕೊಟ್ಟಿದ್ದ ಎರಡು ಕವೆಕೋಲು ಕಿತ್ತು ತಂದು, ಅಳಿಯನ ಎರಡೂ ತೋಳಿನ ಕೆಳಗೆ ಕೊಡುತ್ತಾರೆ. ಒಮ್ಮೆ ಅಲ್ಲಾಡಿಸಿ ನೋಡುತ್ತಾರೆ. ಗಟ್ಟಿ. ಹೋಗುತ್ತಾರೆ.

ಮಾವನ ಪಾತ್ರ ಇಷ್ಟೇ. ಆದರೆ ನನಗೆ ಇಡೀ ವಿಡಿಯೋದಲ್ಲಿ ಅತಿ ಇಷ್ಟದ ಜಾಗ ಇದು. ಹಗ್ಗ ಜೋಲಿದರೆ ಕೋಲು ಕೊಡುವ ಹಾಗೆ, ಅಷ್ಟೇ ಸಹಜವಾಗಿ ಮಾಡಿ.

0:38 – 0:45 / ಅಂಗಳ, ದೂರದಿಂದ

ಮಗಳು ಕಾಫಿ ಲೋಟ ಹಿಡಿದು ಬರುತ್ತಾಳೆ.

ಮಗಳು: ರೀ, ಕಾಫಿ... ಎಲ್ಲಿದ್ದೀರಾ?

ಕಂಬಳಿಯ ಒಳಗಿನಿಂದ: ಇಲ್ಲೇ.

ಮಗಳು: ಅಲ್ಲಾಡಬೇಡಿ, ಮಾರ್ಕ್ಸ್ ಕಾರ್ಡ್ ಬೀಳುತ್ತೆ.

ಕ್ಯಾಮೆರಾ ಹಿಂದೆ ಸರಿಯುತ್ತದೆ. ಜಗುಲಿಯ ಕಂಬದಿಂದ ಒಂದು ಹಗ್ಗ ಹೊರಟಿದೆ. ಹಗ್ಗದ ತುಂಬ ಬಟ್ಟೆ, ನಡುವೆ ಮಾರ್ಕ್ಸ್ ಕಾರ್ಡು. ಹಗ್ಗದ ಆ ತುದಿ ಅಳಿಯನ ಮುಂಗೈಗೆ.

ಕ್ಯಾಮೆರಾ ಹಿಡಿಯುವವರಿಗೆ: ಉದ್ದುದ್ದ ಫ್ರೇಮಿನಲ್ಲಿ ಅಗಲ ಮಾಡಿದ ಕೈ ಎರಡೂ ಕಡೆ ಕತ್ತರಿಸಿ ಹೋಗುತ್ತದೆ. ಹಾಗಾಗಿ ಅಳಿಯ ನೇರ ಎದುರಿಗೆ ಬೇಡ, ಸ್ವಲ್ಪ ಓರೆಯಾಗಿ ನಿಲ್ಲಲಿ. ಹಗ್ಗವೂ ಅಡ್ಡ ಬೇಡ. ಕ್ಯಾಮೆರಾ ಪಕ್ಕದ ಕಂಬದಿಂದ ಶುರುವಾಗಿ ಒಳಕ್ಕೆ, ದೂರಕ್ಕೆ ಹೋಗಲಿ. ಆಗ ಕಣ್ಣು ತಾನಾಗಿ ಹಗ್ಗ ಹಿಡಿದು ಹೋಗಿ ಅವನ ಹತ್ತಿರ ನಿಲ್ಲುತ್ತದೆ.

0:45 – 0:52 / ಅಂಗಳ

ಅಜ್ಜಿಯ ಕನ್ನಡಕ. ಗಾಜಿನ ಮೇಲೆ ಒಂದು ಹನಿ. ಟಪ್.

ಅಜ್ಜಿ: ಬಂತು!

ಮೂರು ಸೆಕೆಂಡಿನಲ್ಲಿ ಅಂಗಳ ಖಾಲಿ. ಸೀರೆ, ದಿಂಬು, ಛತ್ರಿ, ಹಗ್ಗ, ಕಂಬಳಿ, ಮಾರ್ಕ್ಸ್ ಕಾರ್ಡ್, ಎಲ್ಲ ಒಳಗೆ. ಬಾಗಿಲು ದಡಾರ್. ಮಳೆ ಸುರಿಯುತ್ತದೆ. ನಡುವೆ ಅಳಿಯ, ಕೈ ಅಗಲ, ತೋಳಿನ ಕೆಳಗೆ ಕವೆಕೋಲು. ಕೈ ಇಳಿಸಲು ನೋಡುತ್ತಾನೆ. ಇಳಿಯುತ್ತಿಲ್ಲ, ಮರಗಟ್ಟಿದೆ.

ನಿಜವಾದ ಮಳೆಗೆ ಕಾಯುವುದು ಬೇಡ. ಹೂಮಳೆ ಬಾರದಿದ್ದಾಗ ಕಾಫಿಗೆ ನೀರು ಹಾರಿಸುತ್ತೇವಲ್ಲ, ಆ ಸ್ಪ್ರಿಂಕ್ಲರಿನ ಒಂದು ಜೆಟ್ ಅಂಗಳದ ಮೂಲೆಗೆ ಹಾಕಿದರೆ ಸಾಕು. ಹಿಂದಿನ ದಿನ ಅಂಗಳದ ಪಾಚಿಗೆ ಬ್ಲೀಚಿಂಗ್ ಪೌಡರ್ ಹಾಕಿ ಗಸಗಸ ಉಜ್ಜಿ ಬಿಡಿ. ಅಜ್ಜಿ ಪಾತ್ರ ಮಾಡುವವರಿಗೆ ಅರವತ್ತೆಂಟು. ಅವರು ಓಡುವುದು ಬೇಡ. ಓಡುವ ಕಾಲು ಬೇರೆಯವರದು, ಅವರದು ಮುಖ ಮಾತ್ರ.

0:52 – 0:57 / ಬಾಗಿಲು

ಮೊದಲ ಕರಡಿನಲ್ಲಿ ಅಳಿಯ ಮಳೆಯಲ್ಲೇ ನಿಂತಿರುವಾಗ ಮುಗಿಸಿದ್ದೆ. ಎರಡು ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಕಡೆ ಮನೆಗೆ ಬಂದವರನ್ನು ಯಾರೂ ಹೊರಗೆ ಬಿಟ್ಟು ಬಾಗಿಲು ಹಾಕಿಕೊಳ್ಳುವುದಿಲ್ಲ. ಹಾಗಾಗಿ ಬಾಗಿಲು ತೆರೆಯಲೇಬೇಕು.

ಬಾಗಿಲು ತೆರೆಯುತ್ತದೆ. ಮಾವ, ಮಗಳು ಓಡಿ ಬರುತ್ತಾರೆ. ಅಳಿಯನ ಮುಖ ಅರಳುತ್ತದೆ. ಇಬ್ಬರೂ ಅವನನ್ನು ಎರಡು ಕಡೆ ಹಿಡಿದು, ಕೈ ಅಗಲ ಇದ್ದ ಹಾಗೇ, ಬಾಗಿಲಿಗೆ ತರುತ್ತಾರೆ. ಢಕ್. ಎರಡೂ ಕೈ ದಾರಂದಕ್ಕೆ ತಾಗಿತು. ಹಿಂದೆ ಸರಿದು ಮತ್ತೊಮ್ಮೆ. ಢಕ್. ಮಾವ ಒಂದು ಕ್ಷಣ ಯೋಚನೆ ಮಾಡಿ, ಮೆಣಸು ಕೊಯ್ಯುವ ಏಣಿ ಒಳಗೆ ತರುವ ಹಾಗೆ, ಅವನನ್ನು ಪಕ್ಕಕ್ಕೆ ತಿರುಗಿಸುತ್ತಾರೆ. ಒಂದು ಕೈ ಮುಂದೆ, ಒಂದು ಕೈ ಹಿಂದೆ. ಸಲೀಸಾಗಿ ಒಳಗೆ ಹೋದ.

ಫ್ರೇಮು ಸೊಂಟದಿಂದ ಮೇಲಕ್ಕೆ. ಅಳಿಯ ತನ್ನ ಕಾಲಲ್ಲೇ ನಡೆಯಲಿ, ಯಾರೂ ಎತ್ತುವುದು ಬೇಡ.

0:57 – 1:00 / ಅಡುಗೆಮನೆ, ಒಲೆಯ ಮುಂದೆ

ಬೆಂಕಿಯ ಬೆಳಕು. ಮಾತಿಲ್ಲ, ಮಳೆಯ ಸದ್ದು, ಸೌದೆ ಚಟಪಟ. ಒಲೆಯ ಪಕ್ಕ ಅಳಿಯ ಅದೇ ರೀತಿ ಕೈ ಅಗಲ ಮಾಡಿ ನಿಂತಿದ್ದಾನೆ. ಅವನ ಪಂಚೆಯಿಂದ ಆವಿ ಏಳುತ್ತಿದೆ. ಮಗಳು ಅವನ ಬಾಯಿಗೆ ಕಾಫಿ ಲೋಟ ಹಿಡಿದಿದ್ದಾಳೆ. ಅವನು ಸಂತೋಷವಾಗಿ ಕುಡಿಯುತ್ತಿದ್ದಾನೆ.

ತಣ್ಣಗಿನ ಕ್ಯಾಮೆರಾ ಈ ಬಿಸಿ, ತೇವದ ಕೋಣೆಗೆ ತಂದ ಕೂಡಲೇ ಲೆನ್ಸಿಗೆ ಮಂಜು ಹಿಡಿಯುತ್ತದೆ. ಅರ್ಧ ಗಂಟೆ ಮೊದಲೇ ಬ್ಯಾಗಿನ ಸಮೇತ ತಂದು ಅಡುಗೆಮನೆಯಲ್ಲಿ ಇಡಿ.

ಕ್ಲೋಸಪ್: ಹೆಬ್ಬೆರಳು. ಫ್ರೇಮಿನ ಹೊರಗಿನಿಂದ ಅಜ್ಜಿಯ ಸುಕ್ಕುಗಟ್ಟಿದ ಕೈ ಬಂದು, ಒದ್ದೆ ಕೆಂಪು ಕಾಲುಚೀಲವನ್ನು ಅದಕ್ಕೆ ಸಿಕ್ಕಿಸುತ್ತದೆ. ಒಂದು ಹನಿ ಕೆಳಗೆ ಬೀಳುತ್ತದೆ.

ಕಟ್.