ಥೈರಾಯ್ಡ್ ಮಾತ್ರೆಯ ಪವರ್ ಬದಲಾಗಿರುವ ಬಗ್ಗೆ

ಶಿವಮೊಗ್ಗ
17 ಮಾರ್ಚ್ 2025

ಔಷಧಿ ಅಂಗಡಿಯ ಮಾಲೀಕರಿಗೆ,

ನಮಸ್ಕಾರ. ನಾನು ಏಳೆಂಟು ವರ್ಷದಿಂದ ನಿಮ್ಮಲ್ಲೇ ಔಷಧಿ ತೆಗೆದುಕೊಳ್ಳುತ್ತಿರುವವಳು. ಮುಖ ನೋಡಿದರೆ ಗುರುತು ಹಿಡಿಯುತ್ತೀರಿ, ಯಾವಾಗಲೂ ಬಟ್ಟೆ ಚೀಲ ಹಿಡಿದು ಬರುವ ಟೀಚರ್. ಜಗಳಕ್ಕೆಂದು ಬರೆಯುತ್ತಿಲ್ಲ. ಆದರೆ ಬಾಯಲ್ಲಿ ಹೇಳಿದರೆ ಕೌಂಟರಿನ ಗದ್ದಲದಲ್ಲಿ ಮರೆತುಹೋಗುತ್ತದೆ, ಅದಕ್ಕೇ ಈ ಪತ್ರ.

ನನಗೆ ಡಾಕ್ಟರು ಬರೆದಿರುವುದು ಲಿವೋಥೈರಾಕ್ಸಿನ್ 50 ಮೈಕ್ರೋಗ್ರಾಂ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು. ಮಾರ್ಚ್ 3ರ ಸೋಮವಾರ ಸಂಜೆ ಚೀಟಿ ತೋರಿಸಿ ನೂರು ಮಾತ್ರೆಯ ಒಂದು ಡಬ್ಬಿ ತಂದೆ. ಬಂದಿದ್ದು 100 ಮೈಕ್ರೋಗ್ರಾಂ. ನಾನೂ ನೋಡಲಿಲ್ಲ, ಅದು ನನ್ನ ತಪ್ಪು. ಅದೇ ಕಂಪನಿ, ಅದೇ ಆಕಾರದ ಡಬ್ಬಿ, ಅಂಕಿಯೋ ಇರುವೆಯಷ್ಟು. ಮರುದಿನದಿಂದ ಹತ್ತು ದಿನ, ಹತ್ತು ಮಾತ್ರೆ ನುಂಗಿದ್ದೇನೆ. ಅಂದರೆ ದಿನಾ ಎರಡರಷ್ಟು.

ಒಂದು ವಾರ ಕಳೆಯುವಷ್ಟರಲ್ಲಿ ಎದೆ ಡವಡವ ಅನ್ನತೊಡಗಿತು. ರಾತ್ರಿ ಎರಡಕ್ಕೆ ಎಚ್ಚರ, ಆಮೇಲೆ ನಿದ್ದೆ ಇಲ್ಲ. ಬಿಸಿಲಿಗೆ ಇರಬಹುದು ಅಂದುಕೊಂಡು ಮಜ್ಜಿಗೆ ಕುಡಿದುಕೊಂಡಿದ್ದೆ. ಗುರುವಾರ ಮಲ್ಲಿಗೆ ಕಟ್ಟಲು ಕೂತರೆ ಬೆರಳು ನಡುಗಿ ಗಂಟು ಬೀಳಲೇ ಇಲ್ಲ. ಶುಕ್ರವಾರ ಬೆಳಿಗ್ಗೆ ಮಾತ್ರೆ ಕೈಗೆ ಹಾಕಿಕೊಳ್ಳುವಾಗ ಮೊಮ್ಮಗಳು ಪಕ್ಕದಲ್ಲಿದ್ದಳು. ಹಳೆಯ ಖಾಲಿ ಡಬ್ಬಿಯಲ್ಲಿ ನಾನು ಪಿನ್ನು, ಗುಂಡಿ ಇಡುತ್ತೇನೆ. ಅವಳು ಎರಡನ್ನೂ ಜೋಡಿಸಿಟ್ಟು, "ಅಜ್ಜಿ, ಇದರಲ್ಲಿ ಸೊನ್ನೆ ಎರಡಿದೆ" ಅಂದಳು. ಹಾಗೆ ಗೊತ್ತಾಗಿದ್ದು.

ಅವತ್ತೇ ಡಾಕ್ಟರ ಹತ್ತಿರ ಹೋದೆ. ಇಸಿಜಿ ಮಾಡಿದರು, ದೇವರ ದಯೆ, ಸರಿಯಾಗಿದೆ. ಎರಡು ದಿನ ಮಾತ್ರೆ ಬಿಟ್ಟು ಮತ್ತೆ 50 ಶುರು ಮಾಡಲು ಹೇಳಿದರು. ಈ ಔಷಧಿ ಮೈಯಿಂದ ಇಳಿಯುವುದು ನಿಧಾನ, ನಡುಕ ಇನ್ನೂ ಕೆಲವು ದಿನ ಇರಬಹುದಂತೆ. ಆರು ವಾರ ಬಿಟ್ಟು ಟಿಎಸ್‌ಎಚ್ ಪರೀಕ್ಷೆ ಮಾಡಿಸಬೇಕು. ನನಗೆ 63 ವರ್ಷ. ಹೃದಯದ ತೊಂದರೆ ಇರುವವರಾಗಿದ್ದರೆ ಕಥೆ ಬೇರೆಯೇ ಆಗುತ್ತಿತ್ತು ಎಂದೂ ಅಂದರು.

ಈಗ ಮುಖ್ಯ ವಿಷಯ. ನಿಮ್ಮ ಬಿಲ್ಲಿನಲ್ಲಿ 50 ಎಂದೇ ಇದೆ. ಬಿಲ್ಲಿನ ಬ್ಯಾಚ್ ನಂಬರಿಗೂ ಡಬ್ಬಿಯ ಮೇಲಿನ ನಂಬರಿಗೂ ತಾಳೆ ಇಲ್ಲ. ಅಂದರೆ ಕಂಪ್ಯೂಟರಿನಲ್ಲಿ ಹೊಡೆದದ್ದು ಸರಿ, ಕಪಾಟಿನಿಂದ ತೆಗೆದ ಕೈ ತಪ್ಪಿದೆ. ಹಾಗಿದ್ದರೆ ನಿಮ್ಮ ಸ್ಟಾಕಿನಲ್ಲಿ 50ರ ಡಬ್ಬಿ ಒಂದು ಜಾಸ್ತಿ, 100ರದು ಒಂದು ಕಡಿಮೆ ಇರಬೇಕು. ಎರಡೂ ಲೆಕ್ಕ ಸರಿಯಾಗಿದ್ದರೆ ನನಗೆ ಇನ್ನೂ ಭಯ. ಆಗ ನನ್ನ ಡಬ್ಬಿ ಬೇರೆ ಯಾರಿಗೋ ಹೋಗಿದೆ, 100 ಬೇಕಾದವರು ಅರ್ಧ ಔಷಧಿ ತಿನ್ನುತ್ತಿದ್ದಾರೆ ಅಂತ ಅರ್ಥ ಅಲ್ವಾ? ದಯವಿಟ್ಟು ಇವತ್ತೇ ಎಣಿಸಿ. ಅವತ್ತಿಂದ ಈ ಮಾತ್ರೆ ಕೊಂಡವರಿಗೆಲ್ಲ ಒಂದು ಫೋನ್ ಮಾಡಿ. ಉಳಿದದ್ದೆಲ್ಲ ಆಮೇಲೆ.

ಆ ಸಂಜೆ ಕೊಟ್ಟದ್ದು ಹೊಸ ಹುಡುಗ. ಪಾಪ, ಒಬ್ಬನೇ ಇದ್ದ, ಆರೇಳು ಜನ ಮುತ್ತಿಕೊಂಡಿದ್ದೆವು. ಫಾರ್ಮಸಿಸ್ಟ್ ಕುರ್ಚಿ ಖಾಲಿ ಇತ್ತು. ಚೀಟಿ ಔಷಧಿಯನ್ನು ಫಾರ್ಮಸಿಸ್ಟ್ ಉಸ್ತುವಾರಿಯಲ್ಲೇ ಕೊಡಬೇಕೆಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಆ ಹುಡುಗನನ್ನು ಕೆಲಸದಿಂದ ಬಿಡಿಸಿದರೆ ನನಗೆ ಬೇಜಾರಾಗುತ್ತದೆ. ಅವನ ಜಾಗದಲ್ಲಿ ಬರುವವನ ಮುಂದೆಯೂ ಅವೇ ಎರಡು ಡಬ್ಬಿ ಒಟ್ಟಿಗೇ ಕೂತಿರುತ್ತವೆ. 25, 50, 100 ಬೇರೆ ಬೇರೆ ಖಾನೆಯಲ್ಲಿಡಿ. ಕೊಡುವಾಗ ಚೀಟಿ ಪಕ್ಕ ಡಬ್ಬಿ ಹಿಡಿದು, "ಐವತ್ತು, ಬೆಳಿಗ್ಗೆ ಒಂದು" ಅಂತ ಗಟ್ಟಿಯಾಗಿ ಓದಲಿ. ನಮ್ಮಂಥ ಕನ್ನಡಕದವರಿಗೂ ಕೇಳಿಸುತ್ತದೆ.

ನನಗೆ ಬೇಕಾದದ್ದು ಇಷ್ಟು: ಈ ಡಬ್ಬಿ ಹಿಂದಕ್ಕೆ ತೆಗೆದುಕೊಂಡು 50ರದು ಕೊಡಿ. ಒಳಗೆ 90 ಮಾತ್ರೆ ಇದೆ, ತೆರೆದದ್ದು, ಮತ್ತೆ ಮಾರಾಟಕ್ಕೆ ಇಡಬೇಡಿ. ಡಾಕ್ಟರ ಫೀ ಮತ್ತು ಇಸಿಜಿ ಸೇರಿ 550 ರೂಪಾಯಿ ಖರ್ಚಾಗಿದೆ, ಅದನ್ನು ನೀವು ಕೊಡುವುದು ನ್ಯಾಯ ಅನ್ನಿಸುತ್ತದೆ. ಸ್ಟಾಕ್ ಎಣಿಸಿದಾಗ ಏನು ಕಂಡಿತು, ಏನು ಬದಲಾಯಿಸಿದಿರಿ ಅನ್ನುವುದನ್ನು ಎರಡು ಸಾಲು ಬರೆದು ಕೊಡಿ. ಡಾಕ್ಟರಿಗೂ ತೋರಿಸಬೇಕು.

ಚೀಟಿ ಮತ್ತು ಬಿಲ್ಲಿನ ನಕಲು, ಎರಡೂ ಡಬ್ಬಿ ಅಕ್ಕಪಕ್ಕ ಇಟ್ಟು ತೆಗೆದ ಫೋಟೊ ಜೊತೆಗಿವೆ. ನನ್ನ ಫೋನ್ ನಂಬರ್ ಬಿಲ್ಲಿನಲ್ಲೇ ಇದೆ. ಶನಿವಾರ ಸಂಜೆ ಐದರ ನಂತರ ಡಬ್ಬಿ ಹಿಡಿದು ನಾನೇ ಬರುತ್ತೇನೆ, ಆ ಹೊತ್ತಿಗೆ ಫಾರ್ಮಸಿಸ್ಟ್ ಇರುವಂತೆ ನೋಡಿಕೊಳ್ಳಿ.

ಇಂತಿ,
ಸುಮಿತ್ರಾ