ವೈವಾ ತಯಾರಿ: ಬಾದಾಮಿ ಚಾಲುಕ್ಯರು

ಬಿ.ಎ. ಇತಿಹಾಸ ವಿದ್ಯಾರ್ಥಿಗಳಿಗೆ, ಬಾಗಲಕೋಟೆ

ಅಧ್ಯಾಯದ ಸಾರಾಂಶ

ಒಂದನೇ ಪುಲಕೇಶಿ ಬಾದಾಮಿಯ ಬೆಟ್ಟದ ಮೇಲೆ ಕೋಟೆ ಕಟ್ಟಿ ರಾಜ್ಯಕ್ಕೆ ಬುನಾದಿ ಹಾಕಿದ. ಮಂಗಳೇಶ ಮೂರನೇ ಗುಹೆಯನ್ನು ವಿಷ್ಣುವಿಗಾಗಿ ಕೊರೆಸಿದ. ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದ. ಆದರೆ 642ರಲ್ಲಿ ಪಲ್ಲವರು ಬಾದಾಮಿಯನ್ನೇ ಹಿಡಿದರು. ಒಂದನೇ ವಿಕ್ರಮಾದಿತ್ಯ ರಾಜ್ಯವನ್ನು ಮರಳಿ ಗಳಿಸಿದ. ಇಮ್ಮಡಿ ವಿಕ್ರಮಾದಿತ್ಯನ ಕಾಲಕ್ಕೆ ಪಟ್ಟದಕಲ್ಲಿನ ದೊಡ್ಡ ಗುಡಿಗಳು ಎದ್ದವು. ಕೊನೆಯ ಅರಸ ಇಮ್ಮಡಿ ಕೀರ್ತಿವರ್ಮನಿಂದ ಅಧಿಕಾರ ರಾಷ್ಟ್ರಕೂಟ ದಂತಿದುರ್ಗನಿಗೆ ಹೋಯಿತು.

ಈ ಒಂದೊಂದು ವಾಕ್ಯಕ್ಕೂ ಪರೀಕ್ಷಕರು ಕೇಳುವುದು ಒಂದೇ: "ಹೌದೇನು? ಹ್ಯಾಂಗ ಗೊತ್ತಾತು?" ಅದಕ್ಕೇ ಕೆಳಗಿನ ಉತ್ತರಗಳಲ್ಲಿ ಮೊದಲು ಸಂಗತಿ, ಆಮೇಲೆ ಆಧಾರ. ಆಧಾರ ಹೇಳಿದ ಮೇಲೆ ನಿಲ್ಲಿಸಿ. ಮುಂದೆ ಮಾತು ಬೆಳೆಸಿದಷ್ಟೂ ಗೊತ್ತಿಲ್ಲದ ಕಡೆ ಪ್ರಶ್ನೆ ತಿರುಗುತ್ತದೆ.

ಪ್ರ: ರಾಜ್ಯದ ಆರಂಭಕ್ಕೆ ಯಾವ ವರ್ಷ ಹೇಳುತ್ತೀರಿ?
ಉ: ಕ್ರಿ.ಶ. 543, ಸರ್. ಬಾದಾಮಿಯ ಬಂಡೆಗಲ್ಲಿನ ಶಾಸನದಲ್ಲಿ ಶಕ 465 ಎಂದಿದೆ. ಕೋಟೆ ಕಟ್ಟಿದ್ದು, ಅಶ್ವಮೇಧ ಮಾಡಿದ್ದು ಎರಡೂ ಅದರಲ್ಲೇ ಬರುತ್ತವೆ.

ಶಕ ವರ್ಷಕ್ಕೆ 78 ಕೂಡಿಸಿ ತೋರಿಸಿ ಎನ್ನಬಹುದು. ಬಾಯಲ್ಲೇ ಕೂಡಿಸಿ: 465ಕ್ಕೆ 78, 543.

ಪ್ರ: ಮೂರನೇ ಗುಹೆಗೇ ಯಾಕೆ ಇಷ್ಟು ಮಹತ್ವ?
ಉ: ಅದರಲ್ಲಿ ಕಾಲ ನಮೂದಾದ ಶಾಸನ ಇದೆ, ಶಕ 500, ಅಂದರೆ 578. ಉಳಿದ ಗುಹೆಗಳ ಕಾಲವನ್ನು ಅದಕ್ಕೆ ಹೋಲಿಸಿ ಅಂದಾಜು ಮಾಡುತ್ತಾರೆ.

ಇಲ್ಲಿ ಎಡವುವುದು ಹೀಗೆ: "ಮಂಗಳೇಶ ರಾಜನಾಗಿದ್ದಾಗ" ಅಂದುಬಿಡುತ್ತಾರೆ. ಆಗ ಸಿಂಹಾಸನದಲ್ಲಿದ್ದವನು ಅವನ ಅಣ್ಣ ಒಂದನೇ ಕೀರ್ತಿವರ್ಮ.

ಪ್ರ: ಪುಲಕೇಶಿ ಹರ್ಷನನ್ನು ಸೋಲಿಸಿದ ಅಂತೀರಿ. ಅದು ಆಸ್ಥಾನ ಕವಿಯ ಹೊಗಳಿಕೆ ಆಗಿರಬಾರದೇ?
ಉ: ಐಹೊಳೆ ಶಾಸನ ಪ್ರಶಸ್ತಿಯೇ, ಸರ್, ರವಿಕೀರ್ತಿ ತನ್ನ ಅರಸನನ್ನು ಹೊಗಳಿ ಬರೆದದ್ದು. ಆದರೆ ಹರ್ಷನಿಗೆ ಹತ್ತಿರದವನಾಗಿದ್ದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಸಹ ಹರ್ಷನಿಗೆ ಈ ರಾಜ್ಯವನ್ನು ಗೆಲ್ಲಲಾಗಲಿಲ್ಲ ಎಂದೇ ಬರೆದಿದ್ದಾನೆ. ಎದುರು ಪಕ್ಷದ ಕಡೆಯಿಂದಲೂ ಸಾಕ್ಷಿ ಸಿಕ್ಕಿರುವುದರಿಂದ ಒಪ್ಪಬಹುದು.

ಇಡೀ ಅಧ್ಯಾಯದಲ್ಲಿ ಹೆಚ್ಚು ಅಂಕ ತರುವ ಪ್ರಶ್ನೆ ಇದು, ಚೆನ್ನಾಗಿ ರೂಢಿ ಮಾಡಿ. ಹಿಂದೆಯೇ ಮೂರು ಉಪಪ್ರಶ್ನೆ ಬರುತ್ತವೆ. ಶಾಸನ ಎಲ್ಲಿದೆ? ಮೇಗುತಿ ಜಿನಾಲಯದ ಗೋಡೆಯ ಮೇಲೆ. ಭಾಷೆ? ಸಂಸ್ಕೃತ, ಗಾಬರಿಯಲ್ಲಿ ಕನ್ನಡ ಅಂದವರೇ ಬಹಳ. ಕಾಲ? ಶಕ 556, ಕ್ರಿ.ಶ. 634-35. ಕಾಳಿದಾಸ, ಭಾರವಿಯರ ಹೆಸರೂ ಅದರಲ್ಲಿದೆ ಎಂದು ಸೇರಿಸಿದರೆ ಸಾಹಿತ್ಯ ಚರಿತ್ರೆಗೂ ಅದು ಯಾಕೆ ಬೇಕೆಂಬುದು ತಾನಾಗಿ ಹೇಳಿದಂತಾಗುತ್ತದೆ.

ಪ್ರ: 642ರಲ್ಲಿ ಏನಾಯಿತು?
ಉ: ಪಲ್ಲವ ಒಂದನೇ ನರಸಿಂಹವರ್ಮ ಬಾದಾಮಿಯನ್ನು ವಶಪಡಿಸಿಕೊಂಡು 'ವಾತಾಪಿಕೊಂಡ' ಎಂಬ ಬಿರುದು ಪಡೆದ. ಅವನ ಶಾಸನ ಬಾದಾಮಿಯ ಬಂಡೆಯ ಮೇಲೇ ಇದೆ.

ಪ್ರ: ಇಮ್ಮಡಿ ವಿಕ್ರಮಾದಿತ್ಯ ಕಂಚಿಯ ಮೇಲೆ ಸೇಡು ತೀರಿಸಿಕೊಂಡನೇ?
ಉ: ಕಂಚಿಯನ್ನು ಗೆದ್ದ, ಆದರೆ ಊರು ಹಾಳು ಮಾಡಲಿಲ್ಲ. ಕೈಲಾಸನಾಥ ದೇವಾಲಯದ ಸಂಪತ್ತನ್ನು ದೇವರಿಗೇ ಹಿಂದಿರುಗಿಸಿದ ಎಂದು ಅಲ್ಲಿಯ ಕಂಬದ ಮೇಲೆ ಅವನದೇ ಕನ್ನಡ ಶಾಸನವಿದೆ. ಈ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ಗುಡಿ ಕಟ್ಟಿಸಿದಳು.

ವಿರೂಪಾಕ್ಷದ ಮೊದಲ ಹೆಸರು ಲೋಕೇಶ್ವರ. ಪಕ್ಕದ ಮಲ್ಲಿಕಾರ್ಜುನ ಗುಡಿ ತ್ರೈಲೋಕ್ಯಮಹಾದೇವಿಯದು. ಇಬ್ಬರು ರಾಣಿಯರನ್ನು ಅದಲುಬದಲು ಮಾಡಬೇಡಿ. ಸ್ಥಪತಿಯ ಹೆಸರು ಕೇಳಿದರೆ ಗುಂಡ ಅನಿವಾರಿತಾಚಾರಿ.

ಪ್ರ: ಐಹೊಳೆಯ ದುರ್ಗಾ ಗುಡಿ ದುರ್ಗೆಯದೇ?
ಉ: ಅಲ್ಲ, ಮೇಡಂ. ಹತ್ತಿರದ ಕೋಟೆ, ಅಂದರೆ ದುರ್ಗದಿಂದ ಆ ಹೆಸರು ಬಂದಿದೆ. ಹಿಂಬದಿ ಅರ್ಧವೃತ್ತಾಕಾರವಾಗಿರುವುದು ಅದರ ವಿಶೇಷ.

ಪ್ರ: ಈ ಕಾಲದ ಕನ್ನಡಕ್ಕೆ ಉದಾಹರಣೆ?
ಉ: ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ, ಸುಮಾರು ಕ್ರಿ.ಶ. 700. ತ್ರಿಪದಿಯ ಬಹಳ ಹಳೆಯ ಉದಾಹರಣೆ ಅದರಲ್ಲಿ ಸಿಗುತ್ತದೆ.

ಪ್ರ: ನೀವು ಈ ಜಿಲ್ಲೆಯವರು. ಪಟ್ಟದಕಲ್ಲಿಗೆ ಹೋದಾಗ ನಾಗರ, ದ್ರಾವಿಡ ಎರಡನ್ನೂ ಹೇಗೆ ಗುರುತಿಸುತ್ತೀರಿ?
ಉ: ಶಿಖರ ನೋಡಿ, ಸರ್. ಗಳಗನಾಥದ ಶಿಖರ ಬಾಗುತ್ತ ಮೇಲಕ್ಕೆ ಏರುತ್ತದೆ, ಅದು ನಾಗರ. ವಿರೂಪಾಕ್ಷದ್ದು ಅಂತಸ್ತು ಅಂತಸ್ತಾಗಿ ಏರುತ್ತದೆ, ಅದು ದ್ರಾವಿಡ. ಎರಡೂ ಒಂದೇ ಆವರಣದಲ್ಲಿವೆ. 1987ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು ಈ ಸಮುಚ್ಚಯವೇ.