ಆರ್‌ಸಿಯಲ್ಲಿರೋ ಹೆಸರು

ಕೋರ್ಟಿನ ಅಮೀನ ಮಂಡಿಗೇ ಬಂದು ನೋಟಿಸು ಕೊಟ್ಟಾಗ ಶಿವಮೂರ್ತಿ ಮೆಕ್ಕೆಜೋಳದ ತೂಕದ ಚೀಟಿ ಬರೆಯುತ್ತಿದ್ದ. ಸಹಿ ಹಾಕಿ ಇಸ್ಕೊಂಡು ಓದಿದ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ, ದಾವಣಗೆರೆ. ಅರ್ಜಿದಾರರು ಹನುಮಕ್ಕ. ಎದುರುದಾರ ಅಂತ ಅವನ ಹೆಸರು, ಅವರಪ್ಪನ ಹೆಸರು, ನಿಟುವಳ್ಳಿಯ ಮನೆ ವಿಳಾಸ. ಕೆಳಗೆ ಕೆಎ-17ರಿಂದ ಶುರುವಾಗುವ ಅವನ ಹಳೇ ಸ್ಕೂಟರಿನ ನಂಬರು. ಕೇಳಿದ ಪರಿಹಾರ 9 ಲಕ್ಷ ರೂಪಾಯಿ.

ಆ ಸ್ಕೂಟರನ್ನು ಹೋದ ವರ್ಷ ಯುಗಾದಿ ಹೊತ್ತಿಗೇ ಮಾರಿದ್ದ. ಮಾಯಕೊಂಡದ ಗಾರೆ ಕೆಲಸದ ತಿಪ್ಪೇಶನಿಗೆ, 18 ಸಾವಿರಕ್ಕೆ. ನೂರು ರೂಪಾಯಿ ಸ್ಟಾಂಪ್ ಪೇಪರಿನ ಮೇಲೆ ಬರೆಸಿಕೊಂಡಿದ್ದ. ಫಾರಂ 29, ಫಾರಂ 30ಕ್ಕೂ ಸಹಿ ಹಾಕಿ ಕೊಟ್ಟಿದ್ದ. "ಈ ವಾರ ಆರ್‌ಟಿಒ ಆಫೀಸಿಗೆ ಹೋಗಿ ಹೆಸರು ಮಾಡಿಸ್ಕೊಂತೀನಿ ಅಣ್ಣ" ಅಂದಿದ್ದ ತಿಪ್ಪೇಶ. ಶಿವಮೂರ್ತಿ ಆಮೇಲೆ ಕೇಳಲಿಲ್ಲ. ದುಡ್ಡು ಬಂತು, ಗಾಡಿ ಹೋಯ್ತು, ಮುಗೀತು ಅಲ್ವಾ?

ಸಂಜೆ ವಕೀಲರು ಸ್ಟಾಂಪ್ ಪೇಪರನ್ನು ಎರಡು ಸಲ ಓದಿ ಮೇಜಿನ ಮೇಲಿಟ್ಟರು.

"ಮಾರಿದ್ದಕ್ಕೆ ಇದು ಸಾಕ್ಷಿ, ನಿಜ. ಆದರೆ ಆರ್‌ಸಿಯಲ್ಲಿ ಯಾರ ಹೆಸರೈತೆ?"

"ನಂದೇ ಸರ್."

"ಮಾರಿದೋರು 14 ದಿನದೊಳಗೆ ಆರ್‌ಟಿಒಗೆ ತಿಳಿಸ್ಬೇಕು. ಅದು ತಗಂಡವನೊಬ್ಬನ ಕೆಲಸ ಅಲ್ಲ, ನಿಮ್ದೂ ಹೌದು. 2018ರಲ್ಲಿ ಸುಪ್ರೀಂ ಕೋರ್ಟಿಗೆ ಇಂಥದ್ದೇ ಒಂದು ಹೋಗಿತ್ತು. ಕಾರು ಕೈಯಿಂದ ಕೈಗೆ ದಾಟಿತ್ತು. ಗಾಯಾಳುಗಳು ಒಬ್ಬೊಬ್ಬ ಮಾಲೀಕನನ್ನ ಹುಡುಕ್ಕೊಂಡು ಅಲೀಬೇಕಾ ಅಂತ ಕೇಳಿ, ದಾಖಲೆಯಲ್ಲಿ ಹೆಸರಿದ್ದವನೇ ಮಾಲೀಕ ಅಂದ್ರು."

"ಇನ್ಶೂರೆನ್ಸ್ ಇತ್ತಲ್ರೀ?"

"ನೀವು ಮಾರಿದ ಎರಡು ತಿಂಗಳಿಗೆ ಮುಗದೈತೆ. ಅವನು ಕಟ್ಟಿಲ್ಲ. ಚಾಲ್ತಿ ಇದ್ದಿದ್ರೆ ಕಂಪನಿ ಕೊಡೋದು."

ಶಿವಮೂರ್ತಿಗೆ ಮಗಳ ಕಾಲೇಜು ಫೀಸು ನೆನಪಾಯ್ತು. ಊರಿನ ಒಂದೂವರೆ ಎಕರೆ ನೆನಪಾಯ್ತು. ಸಿಟ್ಟೆಲ್ಲ ತಿಪ್ಪೇಶನ ಮೇಲೆ ತಿರುಗಿತು. ಮರುದಿನ ಬೆಳಗ್ಗೆಯೇ ಮಾಯಕೊಂಡದ ಬಸ್ಸು ಹತ್ತಿದ.

ತಿಪ್ಪೇಶ ಜಗಲಿ ಮೇಲೆ ಕೂತಿದ್ದ. ಎಡಗೈ ಮೊಣಕೈ ಹತ್ತಿರ ಸೊಟ್ಟಗೆ ಕೂಡಿಕೊಂಡಿತ್ತು. ಕರಣೆ, ಮಟ್ಟಗೋಲು, ತೂಕದ ಗುಂಡು ಎಲ್ಲ ಒಂದು ಸಿಮೆಂಟ್ ಚೀಲದಲ್ಲಿ ಕಟ್ಟಿಟ್ಟಿದ್ದ. ಬೈಯಲು ಬಂದವನಿಗೆ ಅವನ ಹೆಂಡತಿ ಟೀ ತಂದು ಕೊಟ್ಟಳು.

"ರಸ್ತೆ ತುಂಬ ಜೋಳ ಒಣಗ್ಸಿದ್ರಣ್ಣ. ಬ್ರೇಕ್ ಹಿಡದೆ, ಗಾಡಿ ಜಾರ್ತು. ಆಯಮ್ಮ ಸೊಪ್ಪಿನ ಪುಟ್ಟಿ ಇಟ್ಕಂಡು ಪಕ್ಕದಾಗೇ ಕೂತಿದ್ಲು."

"ಹೆಸರು ಯಾಕೆ ಮಾಡಿಸ್ಕೊಳ್ಳಿಲ್ಲ?"

"ಅವತ್ತು ಕೂಲಿ ಬಿಟ್ಟು ಹೋಗಾಕಾಗಲಿಲ್ಲ. ಆಮೇಲೆ ಮರ್ತೇಹೋತು. ಆ ಫಾರಂ ಇನ್ನೂ ಸೀಟಿನ ಕೆಳಗೇ ಅದಾವೆ, ಗಾಡಿ ಠಾಣೆಯಾಗೈತೆ."

ಆ ಸ್ಕೂಟರಿನ ಡಿಕ್ಕಿಯಲ್ಲಿ ಶಿವಮೂರ್ತಿ ಹಳೇ ಬಟ್ಟೆಯೊಂದನ್ನು ಇಡುತ್ತಿದ್ದ, ಸೀಟು ಒರೆಸೋಕೆ. ತನ್ನ ಸಹಿ ಇರುವ ಎರಡು ಹಾಳೆ ಅದರ ಜೊತೆ ಒಂದು ವರ್ಷ ಊರೂರು ತಿರುಗಿದ್ದವು. ಅದನ್ನು ಯೋಚಿಸಿದಾಗ ಹೊಟ್ಟೆ ತೊಳೆಸಿದಂತಾಯ್ತು.

"ನ್ಯಾಯಾಧೀಶರ ಮುಂದೆ ಗಾಡಿ ನಾನೇ ತಗಂಡಿದ್ದೆ, ನಾನೇ ಓಡಿಸ್ತಿದ್ದೆ ಅಂತೀಯಾ?"

ಒಳಗಿನಿಂದ ಹೆಂಡತಿ ಏನೋ ಹೇಳೋಕೆ ಬಂದಳು. ತಿಪ್ಪೇಶ ಕೈ ಮಾಡಿ ತಡೆದ. "ಅಂತೀನಿ. ಸುಳ್ಳು ಹೇಳಿ ಎಲ್ಲಿಗೆ ಹೋಗಾನ ಅಣ್ಣ."

ವಾಯಿದೆ ದಿನ ಕೋರ್ಟಿನ ವರಾಂಡದಲ್ಲಿ ಹನುಮಕ್ಕ ಕೂತಿದ್ದಳು, ಪಕ್ಕದಲ್ಲಿ ಊರುಗೋಲು. ಕಾಲಿನೊಳಗೆ ರಾಡ್ ಹಾಕಿದ್ದಾರೆ, ಕುಕ್ಕರಗಾಲಲ್ಲಿ ಕೂರೋಕಾಗಲ್ಲ, ಸೊಪ್ಪಿನ ವ್ಯಾಪಾರ ನಿಂತಿದೆ ಅಂತ ಅವಳ ಮಗ ಯಾರಿಗೋ ಹೇಳುತ್ತಿದ್ದ. ಶಿವಮೂರ್ತಿ ದೂರ ನಿಲ್ಲಬೇಕೆಂದಿದ್ದ. ಅವಳೇ ಕರೆದಳು.

"ಗಾಡಿ ನಿಮ್ದೇನಪ್ಪಾ?"

ಮಾರಿದ್ದೆ ಅನ್ನುವ ಮಾತು ಬಾಯಿಗೆ ಬಂದಿತ್ತು.

"ಹೆಸರು ನಂದೇ ಐತೆ ಅವ್ವಾ. ಓಡಿಸಿದ್ದು ಇವನು, ತಿಪ್ಪೇಶ. ಇಬ್ರೂ ಬಂದೀವಿ."

ಒಳಗೆ ವಕೀಲರು ತಿಪ್ಪೇಶನನ್ನೂ ಎದುರುದಾರನಾಗಿ ಸೇರಿಸಲು ಅರ್ಜಿ ಕೊಟ್ಟರು. ಸ್ಟಾಂಪ್ ಪೇಪರಿನ ನಕಲು ಲಗತ್ತಿಸಿದರು. ವಾಯಿದೆ ಮುಂದಕ್ಕೆ ಹೋಯ್ತು. ಹೊರಬಂದು ವಕೀಲರು ಮತ್ತೆ ಎಚ್ಚರಿಸಿದರು: ಆದೇಶ ಶಿವಮೂರ್ತಿಯ ಮೇಲೆಯೇ ಆಗಬಹುದು, ಆಮೇಲೆ ತಿಪ್ಪೇಶನಿಂದ ವಸೂಲಿ ಮಾಡೋದು ಅವನ ಪಾಡು.

"ಅವಳ ಮುಂದಿನ ಆಪರೇಷನ್ ಯಾವಾಗಂತೆ ಸರ್?" ಶಿವಮೂರ್ತಿ ಕೇಳಿದ.

"ದುಡ್ಡು ಹೊಂದಿದಾಗ."

"ಹಂಗಾದ್ರೆ ರಾಜಿಗೆ ಕೇಳಿ ನೋಡ್ರಿ. ಲೋಕ ಅದಾಲತಿಗೆ ಹಾಕಿಸ್ರಿ. ನಾನು ಎಷ್ಟು ಹೊಂದಿಸ್ಬಹುದು ಅಂತ ಮಂಡಿ ಸಾಹುಕಾರ್ರ ಹತ್ರ ಕೇಳಿ ಬರ್ತೀನಿ."

ತಿಪ್ಪೇಶ ನೆಲ ನೋಡುತ್ತಾ ನಿಂತಿದ್ದ. "ಕೈ ಸರಿಹೋದ ಮೇಲೆ ತಿಂಗಳಿಗೆ ಮೂರು ಸಾವಿರ ನಾನು ಕೊಡ್ತೀನಣ್ಣ" ಅಂದ.

"ಬರೆದು ಕೊಡು" ಅಂದ ಶಿವಮೂರ್ತಿ. ಇಬ್ಬರೂ ಸ್ಟಾಂಪ್ ಪೇಪರ್ ತರಲು ಹೊರಟರು.